ರಿನ್ಯೂವಲ್‌ಗೆ ಒಂಬತ್ತು ದಿನ ಇದೆ, ಕ್ಲೈಂಟ್ ಮೆಸೇಜ್ ಬಂದಿದೆ. ಪಿಐ ಪಾಲಿಸಿ ಕಂಪನಿ ಬದಲಿಸಬಹುದಾ?

ರೇಖೆಬಳಪ, ಮೈಸೂರು (8 ಜೂನ್ 2025)

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಒಬ್ಬಳೇ ಪ್ರಾಕ್ಟೀಸ್ ಮಾಡುವ ಆರ್ಕಿಟೆಕ್ಟ್. ಮನೆಯ ಮುಂದಿನ ಕೋಣೆಯೇ ಆಫೀಸು, ಜೊತೆಗೆ ಒಬ್ಬ ಡ್ರಾಫ್ಟ್ಸ್‌ಮನ್ ಇದ್ದಾರೆ. 18 ಜೂನ್ 2018ರಿಂದ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ ಇಟ್ಟುಕೊಂಡಿದ್ದೇನೆ. ಒಂದು ವರ್ಷವೂ ತಪ್ಪಿಸಿಲ್ಲ. ಈಗಿನದು ಇದೇ 17ರ ಮಧ್ಯರಾತ್ರಿಗೆ ಮುಗಿಯುತ್ತದೆ.

ಹಳೆಯ ಕಂಪನಿ ರಿನ್ಯೂವಲ್‌ಗೆ ಜಿಎಸ್‌ಟಿ ಸೇರಿ 16,756 ರೂಪಾಯಿ ಕೇಳಿದೆ. ಪರಿಚಯದ ಏಜೆಂಟ್ ಒಬ್ಬರು ಬೇರೆ ಕಂಪನಿಯಿಂದ ಅದೇ 50 ಲಕ್ಷದ ಕವರ್‌ಗೆ 12,508ರ ಕೋಟ್ ತಂದಿದ್ದಾರೆ. ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದಾಗ ಒಂದೇ ಒಂದು ವ್ಯತ್ಯಾಸ ಕಣ್ಣಿಗೆ ಬಿತ್ತು. ಹಳೆಯದರಲ್ಲಿ ರೆಟ್ರೋಆಕ್ಟಿವ್ ಡೇಟ್ 18-06-2018 ಅಂತಿದೆ, ಹೊಸ ಕೋಟ್‌ನಲ್ಲಿ 18-06-2025. ಏಜೆಂಟ್‌ಗೆ ಕೇಳಿದರೆ "ಅದು ಪಾಲಿಸಿ ಶುರುವಾಗೋ ದಿನ ಅಷ್ಟೇ ಮೇಡಂ" ಅಂದರು.

ಇನ್ನೊಂದು ವಿಷಯವೂ ಇದೆ. ವಿಜಯನಗರ ನಾಲ್ಕನೇ ಹಂತದಲ್ಲಿ ನಾನು ಡಿಸೈನ್ ಮಾಡಿದ ಒಂದು ಮನೆ. ವರ್ಕಿಂಗ್ ಡ್ರಾಯಿಂಗ್ ಕೊಟ್ಟದ್ದು ಅಕ್ಟೋಬರ್ 2021ರಲ್ಲಿ, ಗೃಹಪ್ರವೇಶ ಆದದ್ದು ಡಿಸೆಂಬರ್ 2022ರಲ್ಲಿ. ಮೇಲಿನ ಮಹಡಿಯ ಬಾತ್‌ರೂಮಿನಲ್ಲಿ ಪೈಪ್‌ಗಳಿಗಾಗಿ ತಗ್ಗಿಸಿ ಹಾಕಿದ ಸಂಕನ್ ಸ್ಲ್ಯಾಬ್‌ನಲ್ಲಿ ನೀರು ನಿಂತು ಕೆಳಗಿನ ದೇವರ ಕೋಣೆಯ ಚಾವಣಿ ಉದುರುತ್ತಿದೆ. ಜೂನ್ 2ರಂದು ಮನೆಯವರು ವಾಟ್ಸಾಪ್ ಮಾಡಿದರು: "ಬೇರೆ ಇಂಜಿನಿಯರ್‌ಗೆ ತೋರಿಸಿದೆವು, ನಿಮ್ಮ ಡ್ರಾಯಿಂಗ್‌ನಲ್ಲಿ ಸಂಕನ್‌ನ ನೀರು ಹೊರಗೆ ಹೋಗಲು ಸ್ಪೌಟ್ ಪೈಪೇ ತೋರಿಸಿಲ್ಲವಂತೆ. ಮೂರು ಬಾತ್‌ರೂಮು ಒಡೆದು ಸರಿ ಮಾಡಲು 6.8 ಲಕ್ಷ ಆಗುತ್ತದಂತೆ. ಏನು ಮಾಡೋಣ ಹೇಳಿ." ಡ್ರಾಯಿಂಗ್ ತೆಗೆದು ನೋಡಿದೆ. ನಿಜ, ಆ ಡೀಟೇಲ್‌ನಲ್ಲಿ ಸ್ಪೌಟ್ ಇಲ್ಲ.

ನನ್ನ ಪ್ರಶ್ನೆ ಎರಡು. ಕಂಪನಿ ಬದಲಿಸಬಹುದಾ? ಈ ಮೆಸೇಜ್ ವಿಷಯವನ್ನು ಈಗಲೇ ಕಂಪನಿಗೆ ಹೇಳಬೇಕಾ? ಇನ್ನೂ ಯಾರೂ ನೋಟಿಸ್ ಕಳಿಸಿಲ್ಲ, ಹೇಳಿದರೆ ಪ್ರೀಮಿಯಂ ಏರಿಸುತ್ತಾರೇನೋ ಅಂತ ಭಯ.

ಹೊಸಮನೆ ಓನರ್ (8 ಜೂನ್)

ಮೇಡಂ, ನಮ್ಮ ಮನೆಯಲ್ಲೂ ಬಾತ್‌ರೂಮ್ ಲೀಕ್ ಇದೆ. ಹೋಮ್ ಇನ್ಶೂರೆನ್ಸ್‌ನವರು ಸೀಪೇಜ್ ಕವರ್ ಇಲ್ಲ ಅಂದರು. ನಿಮ್ಮದು ಯಾವ ಪಾಲಿಸಿ, ಅದರಲ್ಲಿ ಸೀಪೇಜ್ ಸೇರುತ್ತಾ? ನಾನೂ ಅದನ್ನೇ ತಗೋತೀನಿ.

ರೇಖೆಬಳಪ (8 ಜೂನ್)

ಇದು ಮನೆ ಮಾಲೀಕರು ತೆಗೆದುಕೊಳ್ಳುವ ಪಾಲಿಸಿ ಅಲ್ಲ ಸರ್. ನನ್ನ ಕೆಲಸದ ತಪ್ಪಿನಿಂದ ಕ್ಲೈಂಟ್‌ಗೆ ನಷ್ಟವಾಗಿ ಅವರು ನನ್ನಿಂದ ಪರಿಹಾರ ಕೇಳಿದರೆ, ಆಗ ನನ್ನ ಪರವಾಗಿ ಕಂಪನಿ ಕೊಡುವಂಥದ್ದು.

ತುಮಕೂರು ಇಂಜಿನಿಯರ್ (8 ಜೂನ್)

ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ ಮೇಡಂ. ನೀವು ಡ್ರಾಯಿಂಗ್ ಕೊಟ್ಟದ್ದು 2021ರಲ್ಲಿ, ಆಗ ಪಾಲಿಸಿ ಚಾಲ್ತಿಯಲ್ಲಿತ್ತು. 2021ರ ಪಾಲಿಸಿಯೇ ಕೊಡಬೇಕು. ಕಾರು ಗುದ್ದಿದ ದಿನ ಯಾವ ಕಂಪನಿಯ ಇನ್ಶೂರೆನ್ಸ್ ಇತ್ತೋ ಅದೇ ಕಂಪನಿ ಕೊಡುವುದಿಲ್ಲವೇ, ಹಾಗೆ. ಆರಾಮಾಗಿ ಕಂಪನಿ ಬದಲಿಸಿ, 4,248 ರೂಪಾಯಿ ಉಳಿಸಿ. ವಾಟ್ಸಾಪ್ ಮೆಸೇಜನ್ನೆಲ್ಲ ಯಾರೂ ಕ್ಲೇಮ್ ಅನ್ನುವುದಿಲ್ಲ. ಕೋರ್ಟ್ ನೋಟಿಸ್ ಬಂದಾಗ ಹೇಳಿದರಾಯಿತು.

ಹಳೇ ಕ್ಲೇಮ್ ಆಫೀಸರ್, ಶಿವಮೊಗ್ಗ (8 ಜೂನ್)

ಮೇಡಂ, ಸದ್ಯಕ್ಕೆ ಏನೂ ಬದಲಿಸಬೇಡಿ. ನಾನು ಸರ್ಕಾರಿ ವಿಮಾ ಕಂಪನಿಯೊಂದರ ಲಯಬಿಲಿಟಿ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇಂಥ ಫೈಲುಗಳನ್ನು ತುಂಬಾ ನೋಡಿದ್ದೇನೆ, ಬೇಸರವಾಗುವಷ್ಟು.

ಇಂಜಿನಿಯರ್ ಸಾಹೇಬರು ಹೇಳಿದ್ದು ಮೋಟಾರು ಪಾಲಿಸಿಗೆ ಸರಿ. ಘಟನೆ ನಡೆದ ದಿನ ಯಾರ ಪಾಲಿಸಿಯೋ ಅವರು ಹೊಣೆ. ಪಿಐ ಪಾಲಿಸಿ ಹಾಗೆ ನಡೆಯುವುದಿಲ್ಲ, ಅದು ಕ್ಲೇಮ್ಸ್ ಮೇಡ್. ಕ್ಲೈಂಟ್ ನಿಮ್ಮ ಮೇಲೆ ಮೊದಲ ಬಾರಿಗೆ ಪರಿಹಾರ ಕೇಳಿದ ದಿನ ಯಾವ ಪಾಲಿಸಿ ಚಾಲ್ತಿಯಲ್ಲಿದೆಯೋ ಆ ಪಾಲಿಸಿಯೇ ಬಾಗಿಲು ತೆರೆಯಬೇಕು. 2021ರ ಪಾಲಿಸಿ ಅವಧಿ ಮುಗಿದಾಗಲೇ ಮುಚ್ಚಿಹೋಯಿತು. ಇವತ್ತು ಅದರ ಬಾಗಿಲು ತಟ್ಟಿದರೆ ಒಳಗೆ ಯಾರೂ ಇಲ್ಲ.

ಆದರೆ ಕ್ಲೇಮ್ ಬಂದ ದಿನ ಪಾಲಿಸಿ ಇದ್ದರಷ್ಟೇ ಸಾಲದು. ಯಾವ ಕೆಲಸದ ಬಗ್ಗೆ ಕ್ಲೇಮ್ ಬಂದಿದೆಯೋ ಆ ಕೆಲಸ ರೆಟ್ರೋಆಕ್ಟಿವ್ ಡೇಟ್‌ನ ನಂತರ ಮಾಡಿದ್ದಾಗಿರಬೇಕು. ಆ ದಿನಾಂಕ ಹಿಂದಕ್ಕೆ ಎಳೆದ ಗೆರೆ ಇದ್ದ ಹಾಗೆ. ನಿಮ್ಮ ಹಳೆಯ ಪಾಲಿಸಿಯಲ್ಲಿ ಗೆರೆ 2018ರಲ್ಲಿದೆ. ಅಕ್ಟೋಬರ್ 2021ರ ಡ್ರಾಯಿಂಗ್ ಅದರ ಈಚೆ ಬರುತ್ತದೆ, ಕವರ್ ಉಂಟು. ಹೊಸ ಕೋಟ್‌ನಲ್ಲಿ ಗೆರೆ 18-06-2025ಕ್ಕೆ ಬಂದು ನಿಂತಿದೆ. ಅಂದರೆ ನೀವು ಏಳು ವರ್ಷ ಮಾಡಿದ ಅಷ್ಟೂ ಮನೆಗಳು ಗೆರೆಯ ಆಚೆಗೆ ಹೋದವು. ಜುಲೈನಲ್ಲಿ ಈ ವಿಜಯನಗರದವರ ನೋಟಿಸ್ ಬಂದರೆ ಹಳೆಯ ಕಂಪನಿ "ನಮ್ಮ ಅವಧಿಯಲ್ಲಿ ಕ್ಲೇಮ್ ಬಂದಿಲ್ಲ" ಅನ್ನುತ್ತದೆ, ಹೊಸ ಕಂಪನಿ "ಕೆಲಸ ನಮ್ಮ ರೆಟ್ರೋ ಡೇಟ್‌ಗಿಂತ ಹಿಂದಿನದು" ಅನ್ನುತ್ತದೆ. ಅವರವರ ಪಾಲಿಸಿಯ ಮಾತಿನಲ್ಲಿ ಇಬ್ಬರದೂ ಸರಿ. 6.8 ಲಕ್ಷ ನಿಮ್ಮ ಕೈಯಿಂದಲೇ.

ಏಜೆಂಟ್ ಹೇಳಿದ "ಶುರುವಾಗೋ ದಿನ ಅಷ್ಟೇ" ಅನ್ನುವುದು ಮೊದಲ ಸಲ ಪಾಲಿಸಿ ತೆಗೆದುಕೊಳ್ಳುವವರಿಗೆ ನಿಜ. ಏಳು ವರ್ಷ ಕಟ್ಟಿದವರಿಗಲ್ಲ. ಹಳೆಯ ಪಾಲಿಸಿಗಳ ಪ್ರತಿ ಕೊಟ್ಟು, ಎಲ್ಲೂ ಗ್ಯಾಪ್ ಇಲ್ಲ ಎಂದು ತೋರಿಸಿ, 18-06-2018ನ್ನೇ ಮುಂದುವರಿಸಿ ಎಂದು ಹೊಸ ಕಂಪನಿಗೆ ಕೇಳಬಹುದು. ಒಪ್ಪಿದರೆ ಪಾಲಿಸಿಯ ವಿವರಗಳ ಹಾಳೆಯಾದ ಶೆಡ್ಯೂಲ್‌ನಲ್ಲಿ ಅಚ್ಚಾಗಿ ಬರಬೇಕು. ಬಾಯಿಮಾತು ನಂಬಬೇಡಿ.

ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಅವಸರದ್ದು. ಅದನ್ನು ಬೇರೆಯಾಗಿ ಬರೆಯುತ್ತೇನೆ. ಅಷ್ಟರಲ್ಲಿ ಒಂದು ಹೇಳಿ: ಆ ಮೆಸೇಜ್‌ಗೆ ನೀವು ಏನು ಉತ್ತರ ಕೊಟ್ಟಿದ್ದೀರಿ?

ತುಮಕೂರು ಇಂಜಿನಿಯರ್ (8 ಜೂನ್)

ಸರ್, ಸುಮ್ಮನೆ ವಾದಕ್ಕೆ ಹೇಳುತ್ತಿಲ್ಲ. ನನ್ನ ಪಾಲಿಸಿ ಈಗ ಕೈಯಲ್ಲೇ ಇದೆ. ಅದರಲ್ಲಿ "ಪಿರಿಯಡ್ ಆಫ್ ಇನ್ಶೂರೆನ್ಸ್" 2019ರಿಂದ 2026ರವರೆಗೆ ಅಂತ ಸ್ಪಷ್ಟವಾಗಿ ಇದೆ. ಏಳು ವರ್ಷವೂ ಇನ್ಶೂರೆನ್ಸ್ ಇದೆ ಅಂತ ಕಂಪನಿಯೇ ಬರೆದುಕೊಟ್ಟ ಮೇಲೆ 2021ರದು ಮುಚ್ಚಿಹೋಗಿದೆ ಅನ್ನುವುದು ಹೇಗೆ?

ಹಳೇ ಕ್ಲೇಮ್ ಆಫೀಸರ್ (9 ಜೂನ್)

ಒಳ್ಳೆಯ ಪ್ರಶ್ನೆ, ಬಹಳ ಜನ ಎಡವುವುದು ಇಲ್ಲೇ. ಅದೇ ಹಾಳೆಯಲ್ಲಿ ಸ್ವಲ್ಪ ಕೆಳಗೆ "ಪಾಲಿಸಿ ಪಿರಿಯಡ್" ಅಂತ ಇನ್ನೊಂದು ಸಾಲು ಇರುತ್ತದೆ ನೋಡಿ, ಅದು ಒಂದೇ ವರ್ಷದ್ದು. ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಮಾದರಿಯ ಪಾಲಿಸಿಯಲ್ಲಿ ಪಿರಿಯಡ್ ಆಫ್ ಇನ್ಶೂರೆನ್ಸ್ ಎಂದರೆ ರೆಟ್ರೋ ಡೇಟ್‌ನಿಂದ ಈ ವರ್ಷದ ಕೊನೆಯ ದಿನದವರೆಗೆ. ತಪ್ಪು ನಡೆದ ದಿನ ಇದರೊಳಗೆ ಬೀಳಬೇಕು. ಕ್ಲೇಮ್ ಬಂದ ದಿನ ಮಾತ್ರ ಆ ಒಂದು ವರ್ಷದ ಪಾಲಿಸಿ ಪಿರಿಯಡ್‌ನೊಳಗೆ ಬೀಳಬೇಕು. ಎರಡೂ ಕೂಡಿದರೆ ಕವರ್. ನಿಮ್ಮ ಏಳು ವರ್ಷ ನಿಜವೇ, ಆದರೆ ಅದನ್ನು ಹೊತ್ತು ನಿಂತಿರುವುದು ಈಗಿನ ಒಂದು ವರ್ಷದ ಪಾಲಿಸಿ. ಅದು ತಪ್ಪಿದರೆ ಏಳೂ ಹೋಗುತ್ತವೆ.

ತುಮಕೂರು ಇಂಜಿನಿಯರ್ (9 ಜೂನ್)

ನೋಡಿದೆ ಸರ್, ಎರಡೂ ಸಾಲು ಇವೆ. ಇಷ್ಟು ವರ್ಷ ಮೇಲಿನದನ್ನೇ ಓದಿಕೊಂಡು ನಿಶ್ಚಿಂತೆಯಾಗಿದ್ದೆ. ಮೇಡಂಗೆ ಕೊಟ್ಟ ಸಲಹೆ ವಾಪಸ್ ತಗೋತೀನಿ.

ಧಾರವಾಡ ನಕ್ಷೆ (9 ಜೂನ್)

ಮೇಡಂ, ನಂದೊಂದು ಕೇಳ್ರಿ. ಗ್ಯಾಪ್ ಬಿದ್ದರ ಏನಾಕ್ಕೇತಿ ಅನ್ನೋದು ನಾ ಅನುಭವಿಸಾಕತ್ತೀನಿ.

10 ಜುಲೈ 2019ಕ್ಕ ಮೊದಲನೇ ಪಾಲಿಸಿ ತಗೊಂಡೆ. ಮೂರು ವರ್ಷ ಬರೋಬ್ಬರಿ ಕಟ್ಟಿದೆ. 2022ರ ಜುಲೈದಾಗ ಕೈಯಾಗ ರೊಕ್ಕ ಇರಲಿಲ್ಲ, ಎರಡು ಕ್ಲೈಂಟ್ ಫೀ ಬಾಕಿ ಇಟ್ಟಿದ್ರು. ಮುಂದಿನ ತಿಂಗಳ ಮಾಡಿದರಾತು ಅಂತ ಬಿಟ್ಟೆ. 21 ಆಗಸ್ಟ್‌ಗೆ ಬ್ಯಾರೆ ಕಂಪನಿ ಪಾಲಿಸಿ ತಗೊಂಡೆ. ನಡುವ 42 ದಿನ ಖಾಲಿ. ರೆಟ್ರೋ ಡೇಟ್ 21-08-2022 ಅಂತ ಬಂತು, ನಾ ನೋಡಲೇ ಇಲ್ಲ.

ಹುಬ್ಬಳ್ಳಿಯೊಳಗ ಒಂದು ಸಣ್ಣ ಕಮರ್ಷಿಯಲ್ ಕಾಂಪ್ಲೆಕ್ಸ್ ಮಾಡಿದ್ದೆ, ಡ್ರಾಯಿಂಗ್ ಕೊಟ್ಟಿದ್ದು ಮಾರ್ಚ್ 2021. ಬೇಸ್‌ಮೆಂಟ್ ರ್‍ಯಾಂಪ್ ಕೆಳಗ ಇಳಿದು ಸಪಾಟ್ ನೆಲಕ್ಕ ಕೂಡೋ ಜಾಗಾದಾಗ ಇಳಿಜಾರು ಒಮ್ಮೆಲೆ ಮುರೀತೈತಿ, ಕಾರಿನ ತಳ ಬಡೀತೈತಿ. ಫೆಬ್ರುವರಿ 2024ಕ್ಕ ವಕೀಲರ ನೋಟಿಸ್ ಬಂತು, ರ್‍ಯಾಂಪ್ ಒಡದು ಕಟ್ಟಾಕ 11 ಲಕ್ಷ ಕೇಳಿದ್ರು. ಹೊಸಾ ಕಂಪನಿ, "ಕೆಲಸ 2021ರದು, ರೆಟ್ರೋ 2022ರದು, ಆಗಂಗಿಲ್ಲ" ಅಂತು. ಹಳೇ ಕಂಪನಿ, "ನಮ್ಮ ಪಾಲಿಸಿ 9 ಜುಲೈ 2022ಕ್ಕ ಮುಗಿದೈತಿ" ಅಂತು. ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ.

ಹಳೇ ಕ್ಲೇಮ್ ಆಫೀಸರ್ (9 ಜೂನ್)

ಧಾರವಾಡದವರೇ, ಓದಿ ನೋವಾಯಿತು. ಒಂದು ಕೇಳುತ್ತೇನೆ, ನೆನಪು ಮಾಡಿಕೊಂಡು ಹೇಳಿ. ನೋಟಿಸ್‌ಗೆ ಮುಂಚೆ, ಅಂದರೆ 9 ಜುಲೈ 2022ರೊಳಗೆ, ಆ ಕ್ಲೈಂಟ್ ಬರಹದಲ್ಲಿ ಏನಾದರೂ ಕಳಿಸಿದ್ದರಾ? ಇ-ಮೇಲ್, ಮೆಸೇಜ್, ಯಾವುದಾದರೂ.

ಕುಡ್ಲ ಲೆಕ್ಕಿಗ, ಮಂಗಳೂರು (9 ಜೂನ್)

ನಾನು ಸಿಎ. ಆರ್ಕಿಟೆಕ್ಟ್‌ಗಳ ಮಧ್ಯೆ ನನ್ನದನ್ನೂ ಹಾಕುತ್ತೇನೆ ಮಾರಾಯ್ರೆ, ಬೇಸರ ಮಾಡಬೇಡಿ. ನನ್ನಲ್ಲಿ ಗ್ಯಾಪ್ ಒಂದು ದಿನವೂ ಇಲ್ಲ, ಆದರೂ ಸಿಕ್ಕಿಬಿದ್ದಿದ್ದೇನೆ.

ಒಬ್ಬ ಕ್ಲೈಂಟ್‌ನ 2021-22ರ ಖರೀದಿ ಬಿಲ್‌ಗಳ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಗೆ ಸಿಗುವ ವಜಾ, ಸುಮಾರು 3.4 ಲಕ್ಷ, ಸಮಯಕ್ಕೆ ತೆಗೆದುಕೊಂಡಿರಲಿಲ್ಲ. ಕೊನೆಯ ದಿನ 30 ನವೆಂಬರ್ 2022. ನಮ್ಮ ಆಫೀಸಿನ ಹುಡುಗ ಅದನ್ನು ಮುಂದಿನ ತಿಂಗಳ ರಿಟರ್ನ್‌ನಲ್ಲಿ ಹಾಕಿದ. ಕಾನೂನು ಪ್ರಕಾರ ಆ ಕ್ರೆಡಿಟ್ ಆಗಲೇ ಹೋಗಿತ್ತು, ಆದರೆ ಯಾರಿಗೂ ಗೊತ್ತಾಗಲಿಲ್ಲ. ಇಲಾಖೆಯ ನೋಟಿಸ್ ಬಂದದ್ದು ಈ ವರ್ಷ. ಈಗ ಕ್ಲೈಂಟ್ ನನ್ನ ಹತ್ತಿರ ಕೇಳುತ್ತಿದ್ದಾರೆ. ನಮ್ಮ ಕೆಲಸದಲ್ಲಿ ತಪ್ಪಿಗೂ ಅದು ಹೊರಗೆ ಬರುವುದಕ್ಕೂ ಯಾವಾಗಲೂ ಎರಡು ಮೂರು ವರ್ಷ ಅಂತರ ಇರುತ್ತದೆ.

ಸಮಸ್ಯೆ ಏನೆಂದರೆ, ಆಗ ನಾನು ನನ್ನ ಹೆಸರಿನಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದೆ. 1 ಏಪ್ರಿಲ್ 2023ರಿಂದ ಇನ್ನೊಬ್ಬರ ಜೊತೆ ಸೇರಿ ಎಲ್‌ಎಲ್‌ಪಿ ಮಾಡಿದೆವು. ಪಾಲಿಸಿಯೂ ಎಲ್‌ಎಲ್‌ಪಿ ಹೆಸರಿಗೆ ಹೊಸದಾಗಿ ತೆಗೆದುಕೊಂಡೆವು, ರೆಟ್ರೋ ಡೇಟ್ 01-04-2023. ನನ್ನ ಹಳೆಯ ಪಾಲಿಸಿಯನ್ನು ಇನ್ನು ಯಾಕೆ ಅಂತ ಅಲ್ಲಿಗೇ ಬಿಟ್ಟೆ. ಕಂಪನಿ ಅದೇ, ಏಜೆಂಟ್ ಅವರೇ, ಕೂತ ಕುರ್ಚಿಯೂ ಅದೇ ಉಂಟು. ಆದರೂ ಕವರ್ ಇಲ್ಲ ಅನ್ನುತ್ತಾರೆ.

ಹಳೇ ಕ್ಲೇಮ್ ಆಫೀಸರ್ (9 ಜೂನ್)

ಸಿಎ ಅವರೇ, ಕಂಪನಿಯ ಕಣ್ಣಲ್ಲಿ ನೀವು ಮತ್ತು ನಿಮ್ಮ ಎಲ್‌ಎಲ್‌ಪಿ ಬೇರೆ ಬೇರೆ ಪಾಲಿಸಿದಾರರು. ಬದಲಾವಣೆಯ ದಿನವೇ ಎರಡು ಕೇಳಬೇಕಿತ್ತು: ಪಾಲುದಾರರು ಹಿಂದೆ ತಮ್ಮ ಹೆಸರಿನಲ್ಲಿ ಮಾಡಿದ ಕೆಲಸವನ್ನೂ ಸೇರಿಸಿ ಎಂದು ಪಾಲಿಸಿಗೆ ಒಂದು ತಿದ್ದುಪಡಿ, ಅಂದರೆ ಎಂಡಾರ್ಸ್‌ಮೆಂಟ್, ಜೊತೆಗೆ ನಿಮ್ಮ ಹಳೆಯ ರೆಟ್ರೋ ಡೇಟ್. ಈಗ ಅದನ್ನು ಸೇರಿಸಿದರೂ ಗೊತ್ತಿರುವ ಈ ಒಂದು ಪ್ರಕರಣವನ್ನು ಹೊರಗಿಟ್ಟೇ ಸೇರಿಸುತ್ತಾರೆ. ಆದರೂ ಸೇರಿಸಿ. ಉಳಿದ ಹಳೆಯ ಕ್ಲೈಂಟ್‌ಗಳ ಫೈಲುಗಳಾದರೂ ಒಳಗೆ ಬರಲಿ.

ರೇಖೆಬಳಪ (9 ಜೂನ್)

ಸರ್, ನಿಮ್ಮ ಪ್ರಶ್ನೆಗೆ ಉತ್ತರ ಕೊಡಲು ಹೆದರಿಕೆಯಾಗುತ್ತಿದೆ. ಜೂನ್ 2ರ ರಾತ್ರಿಯೇ ನಾನು ಹೀಗೆ ಬರೆದೆ: "ಸಾರಿ ಸರ್, ಡ್ರಾಯಿಂಗ್‌ನಲ್ಲಿ ಬಿಟ್ಟುಹೋಗಿದೆ. ನೋಡೋಣ, ನನ್ನ ಜವಾಬ್ದಾರಿ ನಾನು ತಗೋತೀನಿ." ಆ ಮನೆಯವರು ನನ್ನ ತಂದೆಯ ಸ್ನೇಹಿತರು. ಬೇರೆ ಏನು ಹೇಳಲಿ ಅನ್ನಿಸಿತು. ಡಿಲೀಟ್ ಮಾಡಿಬಿಡಲಾ?

ಹಳೇ ಕ್ಲೇಮ್ ಆಫೀಸರ್ (9 ಜೂನ್)

ಡಿಲೀಟ್ ಮಾಡಬೇಡಿ. ಅವರ ಫೋನಿನಲ್ಲಿ ಅದು ಇದ್ದೇ ಇದೆ, ನಿಮ್ಮಲ್ಲಿ ಮಾತ್ರ ಅಳಿಸಿದರೆ ನೀವು ಮುಚ್ಚಿಟ್ಟಂತೆ ಕಾಣುತ್ತದೆ.

ಪಾಲಿಸಿಯಲ್ಲಿ ಒಂದು ಷರತ್ತು ಇದೆ. ಕಂಪನಿಯ ಒಪ್ಪಿಗೆ ಇಲ್ಲದೆ ನೀವು ಹೊಣೆ ಒಪ್ಪಿಕೊಳ್ಳಬಾರದು, ಹಣದ ಮಾತು ಕೊಡಬಾರದು, ರಾಜಿ ಮಾಡಿಕೊಳ್ಳಬಾರದು. ನಿಮ್ಮ ಪರ ವಾದಿಸಿ ಹಣ ಕೊಡಬೇಕಾದವರು ಅವರು, ಅವರಿಗಿಂತ ಮೊದಲೇ ನೀವು ಒಪ್ಪಿಕೊಂಡರೆ ಅವರ ಕೈ ಕಟ್ಟಿದಂತೆ. ನಿಮ್ಮ ಮೆಸೇಜ್‌ನಲ್ಲಿ ಹಣದ ಮಾತು ಇಲ್ಲ, ಅದೊಂದು ಸಮಾಧಾನ. "ಬಿಟ್ಟುಹೋಗಿದೆ" ಅನ್ನುವುದು ಡ್ರಾಯಿಂಗ್ ನೋಡಿದರೆ ಯಾರಿಗಾದರೂ ಕಾಣುವ ಸಂಗತಿ. "ಜವಾಬ್ದಾರಿ ತಗೋತೀನಿ" ಅನ್ನುವುದೇ ತೊಡಕಿನ ಮಾತು. ಸೋರಿಕೆಗೆ ಸ್ಪೌಟ್ ಇಲ್ಲದ್ದೇ ಪೂರ್ತಿ ಕಾರಣವಾ, ಕಂಟ್ರಾಕ್ಟರ್ ವಾಟರ್‌ಪ್ರೂಫಿಂಗ್ ಹಾಕಿದ ಮೇಲೆ ನೀರು ನಿಲ್ಲಿಸಿ ಪರೀಕ್ಷೆ ಮಾಡಿದ್ದನಾ, ಪೈಪ್ ಜಾಯಿಂಟ್ ಬಿಟ್ಟಿದೆಯಾ, ಇದೆಲ್ಲ ಇನ್ನೂ ಯಾರೂ ನೋಡಿಲ್ಲ. ಸ್ಪೌಟ್ ಇದ್ದರೆ ಸಂಕನ್‌ಗೆ ಇಳಿದ ನೀರು ಹೊರಗೆ ತೊಟ್ಟಿಕ್ಕಿ ಸುಳಿವು ಕೊಡುತ್ತದೆ. ಆದರೆ ನೀರು ಸಂಕನ್‌ಗೆ ಇಳಿದದ್ದೇ ಬೇರೆ ಯಾರದೋ ಕೆಲಸದಿಂದ ಇರಬಹುದು. ಮೂರು ಬಾತ್‌ರೂಮನ್ನೂ ಒಡೆಯಬೇಕಾ ಅನ್ನುವುದೂ ಪ್ರಶ್ನೆಯೇ.

ಇವತ್ತಿನಿಂದ ಆ ಮನೆಯವರಿಗೆ ಇಷ್ಟೇ ಹೇಳಿ: "ನಿಮ್ಮ ತೊಂದರೆ ಗಂಭೀರವಾಗಿ ತಗೊಂಡಿದ್ದೇನೆ, ಬಂದು ನೋಡುತ್ತೇನೆ, ನನ್ನ ವಿಮಾ ಕಂಪನಿಗೂ ತಿಳಿಸುತ್ತಿದ್ದೇನೆ." ತಂದೆಯ ಸ್ನೇಹಿತರಾದರೆ ಅರ್ಥಮಾಡಿಕೊಳ್ಳುತ್ತಾರೆ.

ಈಗ ಕಂಪನಿಗೆ ಹೇಳುವ ವಿಷಯ. ಪಾಲಿಸಿ ಹೊತ್ತಗೆಯಲ್ಲಿ "ನೋಟಿಫಿಕೇಶನ್ ಎಕ್ಸ್‌ಟೆನ್ಶನ್" ಅನ್ನುವ ಕರಾರು, ಅಂದರೆ ಕ್ಲಾಸ್, ಹುಡುಕಿ. ಮುಂದೆ ಕ್ಲೇಮ್ ಆಗಬಹುದಾದ ನಿರ್ದಿಷ್ಟ ಸಂಗತಿಯನ್ನು ಪಾಲಿಸಿ ಅವಧಿಯೊಳಗೆ ಬರಹದಲ್ಲಿ ತಿಳಿಸಿದರೆ, ಕಂಪನಿ ಅದನ್ನು ಒಪ್ಪಿಕೊಂಡರೆ, ನಿಜವಾದ ಕ್ಲೇಮ್ ಎರಡು ವರ್ಷ ಬಿಟ್ಟು ಬಂದರೂ ಇದೇ ಅವಧಿಯಲ್ಲಿ ಬಂದಂತೆ ಎಣಿಸುತ್ತಾರೆ. ಅಂದರೆ 17ರೊಳಗೆ ನೀವು ತಿಳಿಸಿಬಿಟ್ಟರೆ ಈ ಮನೆಯ ವಿಷಯ 2024-25ರ ಪಾಲಿಸಿಗೆ ಗಂಟು ಬಿತ್ತು. ಆಮೇಲೆ ನೀವು ಯಾವ ಕಂಪನಿಗೆ ಹೋದರೂ ಈ ಒಂದು ಗಂಟು ಬಿಚ್ಚುವುದಿಲ್ಲ.

ತಿಳಿಸದೆ ಹೊಸ ಕಂಪನಿಗೆ ಹೋದರೆ? ಅವರ ಪ್ರೊಪೋಸಲ್ ಫಾರ್ಮ್‌ನಲ್ಲಿ "ಕ್ಲೇಮ್ ಆಗಬಹುದಾದ ಯಾವುದಾದರೂ ಸಂಗತಿ ನಿಮಗೆ ಗೊತ್ತಿದೆಯೇ" ಎಂದು ಕೇಳಿರುತ್ತಾರೆ. ಹೌದು ಅಂದರೆ ಈ ಮನೆಯನ್ನು ಹೊರಗಿಡುತ್ತಾರೆ. ಇಲ್ಲ ಅಂದರೆ ಸುಳ್ಳಾಯಿತು, ನಾಳೆ ಬೇರೆ ಯಾವುದೋ ಕ್ಲೇಮ್‌ಗೂ ಇಡೀ ಪಾಲಿಸಿಯನ್ನೇ ಪ್ರಶ್ನಿಸಬಹುದು. ಹಳೆಯ ಕಂಪನಿಯಲ್ಲೇ ರಿನ್ಯೂ ಮಾಡಿದರೂ 17ರೊಳಗೇ ತಿಳಿಸಿ. "ಹಿಂದಿನ ವರ್ಷವೇ ಗೊತ್ತಿತ್ತು, ರಿನ್ಯೂವಲ್‌ನಲ್ಲಿ ಹೇಳಲಿಲ್ಲ" ಅನ್ನುವ ಮಾತಿಗೆ ಎಡೆ ಕೊಡಬೇಡಿ.

ಪ್ರೀಮಿಯಂ ಏರಬಹುದು. ಸಾವಿರಗಳಲ್ಲಿ ಏರುತ್ತದೆ, ಲಕ್ಷಗಳಲ್ಲಿ ಅಲ್ಲ.

ರೇಖೆಬಳಪ (10 ಜೂನ್)

ಕ್ಲಾಸ್ ಸಿಕ್ಕಿತು ಸರ್. ಪತ್ರ ಬರೆದಿದ್ದೇನೆ, ಸಾರಾಂಶ ಹಾಕುತ್ತೇನೆ: "ನಾನು 2018ರಿಂದ ಮಾಡಿದ ಎಲ್ಲಾ ಮನೆಗಳಲ್ಲೂ ಇದೇ ಬಾತ್‌ರೂಮ್ ಡೀಟೇಲ್ ಬಳಸಿರುವ ಸಾಧ್ಯತೆ ಇದೆ. ಆದ್ದರಿಂದ ಎಲ್ಲಾ 31 ಪ್ರಾಜೆಕ್ಟ್‌ಗಳ ಬಗ್ಗೆ ಈ ಮೂಲಕ ತಿಳಿಸುತ್ತಿದ್ದೇನೆ." ಎಲ್ಲವನ್ನೂ ಒಮ್ಮೆಗೇ ಗಂಟು ಹಾಕಿಬಿಡೋಣ ಅಂತ.

ಹಳೇ ಕ್ಲೇಮ್ ಆಫೀಸರ್ (10 ಜೂನ್)

ಹಾಗೆ ಬರೆದರೆ ವಾಪಸ್ ಬರುತ್ತದೆ. ಕ್ಲಾಸ್‌ನಲ್ಲಿರುವ "ನಿರ್ದಿಷ್ಟ" ಅನ್ನುವ ಪದಕ್ಕೆ ತೂಕ ಇದೆ. ಇರಬಹುದು, ಆಗಬಹುದು ಎಂದು ಪಟ್ಟಿ ಕೊಟ್ಟರೆ ಯಾವ ಆಫೀಸೂ ಒಪ್ಪುವುದಿಲ್ಲ. ಮೊದಲು ವಿಜಯನಗರದ ಮನೆಯೊಂದನ್ನೇ ಬರೆಯಿರಿ: ಪಾಲಿಸಿ ನಂಬರ್, ಕ್ಲೈಂಟ್ ಹೆಸರು, ಡ್ರಾಯಿಂಗ್ ನಂಬರ್ ಮತ್ತು ದಿನಾಂಕ, ನಿಮಗೆ ಮೊದಲು ತಿಳಿದದ್ದು 2 ಜೂನ್ 2025, ಅವರು ಹೇಳುವ ತಪ್ಪು ಏನು, ಅವರು ಹೇಳುವ ಮೊತ್ತ 6.8 ಲಕ್ಷ. "ಅವರು ಹೇಳುವ" ಎಂದೇ ಬರೆಯಿರಿ, "ನನ್ನ ತಪ್ಪು" ಎಂದಲ್ಲ. ನಿಮ್ಮ ಉತ್ತರವೂ ಸೇರಿ ವಾಟ್ಸಾಪ್ ಸ್ಕ್ರೀನ್‌ಶಾಟ್ ಲಗತ್ತಿಸಿ.

ಉಳಿದ ಮೂವತ್ತರಲ್ಲಿ ನಿಜಕ್ಕೂ ಅದೇ ಡೀಟೇಲ್ ಯಾವುದರಲ್ಲಿದೆ ಎಂದು ಕೂತು ನೋಡಿ. ನಾಲ್ಕೋ ಐದೋ ಸಿಕ್ಕರೆ ಡ್ರಾಯಿಂಗ್ ನಂಬರ್ ಸಹಿತ ಎರಡನೆಯ ಪತ್ರ ಕೊಡಿ. ಅದು ಪಟ್ಟಿಯಲ್ಲ, ಸಂಗತಿ.

ಪಾಲಿಸಿ ಕೊಟ್ಟ ಬ್ರಾಂಚ್‌ಗೇ ಇ-ಮೇಲ್ ಮಾಡಿ, ಇನ್ನೊಂದು ಪ್ರತಿ ಕೈಯಲ್ಲಿ ಕೊಟ್ಟು ಸೀಲ್ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಏಜೆಂಟ್‌ಗೆ ಹೇಳಿದ್ದು ಕಂಪನಿಗೆ ಹೇಳಿದಂತಾಗುತ್ತದೆ ಎಂದು ನಂಬಿ ಕೂರಬೇಡಿ.

ಧಾರವಾಡ ನಕ್ಷೆ (10 ಜೂನ್)

ಸರ್, ಹಳೇ ಮೇಲ್ ಎಲ್ಲಾ ತಗದು ನೋಡಿದೆ. 14 ಜೂನ್ 2022ಕ್ಕ ಕ್ಲೈಂಟ್ ಬರದಾರ: "ರ್‍ಯಾಂಪ್ ಸರಿ ಮಾಡೋ ಖರ್ಚು ನೀವೇ ಕೊಡಬೇಕಾಗುತ್ತದೆ." ಆವಾಗ ಸಿಟ್ಟಿನಾಗ ಬರದಾರ ಅಂತ ಬಿಟ್ಟಿದ್ದೆ. ಇದರಿಂದ ಏನರ ಉಪಯೋಗ ಐತೇನ್ರಿ?

ಹಳೇ ಕ್ಲೇಮ್ ಆಫೀಸರ್ (10 ಜೂನ್)

ಉಪಯೋಗ ಇರಬಹುದು! ಪರಿಹಾರ ಕೊಡಿ ಎಂದು ಬರಹದಲ್ಲಿ ಕೇಳಿದರೆ ಅದೇ ಕ್ಲೇಮ್, ವಕೀಲರ ಲೆಟರ್‌ಹೆಡ್ ಬೇಕೆಂದಿಲ್ಲ. ಹಾಗಾದರೆ ನಿಮ್ಮ ಮೇಲೆ ಕ್ಲೇಮ್ ಮೊದಲು ಬಂದದ್ದು ಫೆಬ್ರುವರಿ 2024ರಲ್ಲಿ ಅಲ್ಲ, 14 ಜೂನ್ 2022ರಲ್ಲಿ. ಆಗ ಹಳೆಯ ಪಾಲಿಸಿ ಇನ್ನೂ 25 ದಿನ ಉಳಿದಿತ್ತು, ರೆಟ್ರೋ 2019ರದು. ನೀವು ತಡವಾಗಿ ತಿಳಿಸಿದಿರಿ ಅನ್ನುವುದೊಂದೇ ಆಕ್ಷೇಪ ಉಳಿಯುತ್ತದೆ. ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ಯಾಂತ್ರಿಕವಾಗಿ ತಳ್ಳಿಹಾಕಬೇಡಿ ಎಂದು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎ 20 ಸೆಪ್ಟೆಂಬರ್ 2011ರ ಸುತ್ತೋಲೆಯಲ್ಲೇ ಕಂಪನಿಗಳಿಗೆ ಹೇಳಿದೆ. ಹಳೆಯ ಕಂಪನಿಗೆ ಹೊಸದಾಗಿ ಬರೆಯಿರಿ.

ಕರಿಕೋಟು, ಬೆಂಗಳೂರು (11 ಜೂನ್)

ವಕೀಲನಾಗಿ ಸ್ವಲ್ಪ ಅಡ್ಡ ಬರುತ್ತೇನೆ, ಕ್ಷಮಿಸಿ. ಆ ಸುತ್ತೋಲೆಯನ್ನು ವಾಹನ ಕಳವಿನಂಥ ಪ್ರಕರಣಗಳಲ್ಲಿ ಹೆಚ್ಚು ಉಪಯೋಗಿಸಿದ್ದೇವೆ. 2017ರಲ್ಲಿ ಓಂ ಪ್ರಕಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಲಾರಿ ಕಳವಿನ ತಡವನ್ನು ಮನ್ನಿಸಿತು. ಅಲ್ಲಿ ತಿಳಿಸುವುದು ಒಂದು ಷರತ್ತು ಮಾತ್ರ. ಕ್ಲೇಮ್ಸ್ ಮೇಡ್ ಪಾಲಿಸಿಯಲ್ಲಿ ಮೊದಲ ಪುಟದ ವಿಮಾ ಕ್ಲಾಸನ್ನು ಓದಬೇಕು. "ಪಾಲಿಸಿ ಅವಧಿಯಲ್ಲಿ ಪಾಲಿಸಿದಾರನ ಮೇಲೆ ಬಂದ ಕ್ಲೇಮ್" ಎಂದಷ್ಟೇ ಇದ್ದರೆ ಆಫೀಸರ್ ಸಾಹೇಬರ ವಾದ ನಿಲ್ಲುತ್ತದೆ. "ಬಂದ ಮತ್ತು ಕಂಪನಿಗೆ ತಿಳಿಸಿದ ಕ್ಲೇಮ್" ಎಂದಿದ್ದರೆ, ತಿಳಿಸುವುದೂ ಕವರ್‌ನದೇ ಭಾಗ. ಆಗ ತಡವನ್ನು ಮನ್ನಿಸಿ ಎಂದು ಕೇಳಿದಂತಲ್ಲ, ಇಲ್ಲದ ಕವರ್ ಕೊಡಿ ಎಂದು ಕೇಳಿದಂತೆ ಎಂದು ಕಂಪನಿ ವಾದಿಸುತ್ತದೆ.

ಇನ್ನೊಂದು. ಆ ಮೇಲ್ ಕ್ಲೇಮ್ ಎಂದು ನೀವೇ ಹೇಳಿದರೆ, 21 ಆಗಸ್ಟ್ 2022ರ ಹೊಸ ಪ್ರೊಪೋಸಲ್‌ನಲ್ಲಿ ಅದನ್ನು ಯಾಕೆ ಬರೆಯಲಿಲ್ಲ ಎಂದು ಹೊಸ ಕಂಪನಿ ಕೇಳಬಹುದು. ಅಲ್ಲಿ ಹೇಗೂ ಕವರ್ ಇಲ್ಲ, ಆದರೆ ಅಲ್ಲಿರುವ ಬೇರೆ ಪ್ರಾಜೆಕ್ಟ್‌ಗಳ ಬಗ್ಗೆ ಯೋಚಿಸಿ ಹೆಜ್ಜೆ ಇಡಿ.

ಹಳೇ ಕ್ಲೇಮ್ ಆಫೀಸರ್ (11 ಜೂನ್)

ವಕೀಲರ ಮಾತಿನ ಮೊದಲ ಭಾಗ ಒಪ್ಪುತ್ತೇನೆ, ವಿಮಾ ಕ್ಲಾಸ್ ಓದದೆ ಹೇಳಬಾರದಿತ್ತು. ಆದರೆ ಸರ್ಕಾರಿ ಕಂಪನಿಗಳ ಹಳೆಯ ಮಾದರಿಯಲ್ಲಿ ಪಾಲಿಸಿ ನವೀಕರಿಸದಿದ್ದರೆ ತಿಳಿಸಲು 90 ದಿನದವರೆಗೆ ಸಮಯ ಕೊಡುವ ಕ್ಲಾಸ್ ಇರುತ್ತದೆ. ಅದನ್ನು ನೋಡಿದರೆ ತಿಳಿಸುವ ಕೆಲಸಕ್ಕೆ ಅವರೇ ಸ್ವಲ್ಪ ಸಡಿಲ ಬಿಟ್ಟಿದ್ದಾರೆ ಎನ್ನಬಹುದು.

ಕರಿಕೋಟು (11 ಜೂನ್)

ಆ 90 ದಿನ, ಅಷ್ಟರಲ್ಲಿ ಅದೇ ಅಪಾಯಕ್ಕೆ ಬೇರೆ ವಿಮೆ ತೆಗೆದುಕೊಂಡಿರದಿದ್ದರೆ ಮಾತ್ರ. ಇವರು 42ನೇ ದಿನಕ್ಕೆ ಹೊಸದು ತೆಗೆದುಕೊಂಡರಲ್ಲ. ಹೊಸದು 2021ರ ಕೆಲಸಕ್ಕೆ ಕವರೇ ಕೊಡದಿರುವಾಗ "ಅದೇ ಅಪಾಯ" ಹೇಗಾಗುತ್ತದೆ ಎಂದು ವಾದಿಸಬಹುದು. ನಾನಾದರೆ ವಾದಿಸುತ್ತೇನೆ. ಗೆಲ್ಲುತ್ತೇನೆ ಎಂದು ಹೇಳಲಾರೆ.

ಧಾರವಾಡ ನಕ್ಷೆ (12 ಜೂನ್)

ನನ್ನ ಹಳೇ ಪಾಲಿಸಿ ಓದಿದೆ. "ಅವಧಿಯಲ್ಲಿ ಮೊದಲು ಬಂದ ಕ್ಲೇಮ್" ಅಂತ ಐತಿ, ತಿಳಿಸಿದ ಅನ್ನೋದು ಆ ಸಾಲಿನಾಗ ಇಲ್ರಿ, ಹಿಂದ ಷರತ್ತಿನೊಳಗ ಐತಿ. ನಾಳೆ ಹಳೇ ಕಂಪನಿಗೆ ಆ ಮೇಲ್ ಹಚ್ಚಿ ಬರೀತೀನಿ. ವಕೀಲ್ ಸಾಹೇಬ್ರಿಗೂ ಆಫೀಸರ್ ಸಾಹೇಬ್ರಿಗೂ ಭಾಳ ಉಪಕಾರ ಆತು.

ರೇಖೆಬಳಪ (16 ಜೂನ್)

ಏನಾಯಿತು ಎಂದು ತಿಳಿಸುತ್ತೇನೆ.

11ರಂದು ಬ್ರಾಂಚ್‌ಗೆ ಹೋಗಿ ಪತ್ರ ಕೊಟ್ಟೆ. ಕೌಂಟರ್‌ನಲ್ಲಿದ್ದವರು "ಕ್ಲೇಮ್ ಬಂದಿಲ್ಲವಲ್ಲ, ಬಂದಾಗ ಬನ್ನಿ" ಎಂದು ತೆಗೆದುಕೊಳ್ಳಲೇ ಒಪ್ಪಲಿಲ್ಲ. ಕ್ಲಾಸ್ ಇರುವ ಪುಟ ತೆರೆದು ತೋರಿಸಿದ ಮೇಲೆ ಮ್ಯಾನೇಜರ್ ಬಳಿ ಕಳಿಸಿದರು, ಅವರು ಓದಿ ಸೀಲ್ ಹಾಕಿಕೊಟ್ಟರು. ಉಳಿದ ಪ್ರಾಜೆಕ್ಟ್‌ಗಳಲ್ಲಿ ಅದೇ ಡೀಟೇಲ್ ನಾಲ್ಕರಲ್ಲಿ ಸಿಕ್ಕಿತು. ಅವುಗಳ ಪತ್ರ 13ರಂದು ಕೊಟ್ಟೆ.

ಹೊಸ ಕಂಪನಿಯವರು ಹಳೆಯ ಏಳು ಪಾಲಿಸಿ ನೋಡಿ 18-06-2018 ಕೊಡಲು ಒಪ್ಪಿದರು, ಆದರೆ ಈ ಐದು ಮನೆಗಳನ್ನು ಹೊರಗಿಟ್ಟು, ಪ್ರೀಮಿಯಂ 15,222. ಉಳಿಯುತ್ತಿದ್ದದ್ದು 1,534 ರೂಪಾಯಿ. ಇವತ್ತು ಬೆಳಿಗ್ಗೆ ಹಳೆಯ ಕಂಪನಿಯಲ್ಲೇ ಹಣ ಕಟ್ಟಿದೆ. ಹೊಸ ಶೆಡ್ಯೂಲ್‌ನಲ್ಲಿ 18-06-2018 ಇದೆಯೇ ಎಂದು ಅಲ್ಲೇ ನಿಂತು ನೋಡಿದೆ, ಇದೆ.

ಒಂದು ಮಾತ್ರ ಕೊರೆಯುತ್ತಿದೆ. ಪತ್ರಕ್ಕೆ ಇ-ಮೇಲ್ ಉತ್ತರ ಬಂದಿದೆ: "ನಿಮ್ಮ ಪತ್ರವನ್ನು ಗಮನಿಸಲಾಗಿದೆ." ಇಷ್ಟೇ. ಕ್ಲಾಸ್‌ನಲ್ಲಿ ಕಂಪನಿ "ಒಪ್ಪಿಕೊಂಡರೆ" ಎಂದಿದೆ. ಗಮನಿಸುವುದು ಒಪ್ಪಿಕೊಂಡಂತೆ ಆಗುತ್ತದಾ?

ಹಳೇ ಕ್ಲೇಮ್ ಆಫೀಸರ್ (16 ಜೂನ್)

ಇಲ್ಲಿ ನಾನು ಖಚಿತವಾಗಿ ಹೌದು ಅನ್ನಲಾರೆ. ಇನ್ನೂ ಒಂದೂವರೆ ದಿನ ಇದೆ. ಇವತ್ತೇ ಮರು ಇ-ಮೇಲ್ ಮಾಡಿ: "ನೋಟಿಫಿಕೇಶನ್ ಎಕ್ಸ್‌ಟೆನ್ಶನ್ ಕ್ಲಾಸ್ ಪ್ರಕಾರ ಇದನ್ನು 2024-25ರ ಪಾಲಿಸಿಯಡಿ ಸ್ವೀಕರಿಸಿದ್ದೀರಿ ಎಂದು ಭಾವಿಸುತ್ತೇನೆ. ಹಾಗಲ್ಲದಿದ್ದರೆ, ಇನ್ನೂ ಯಾವ ಮಾಹಿತಿ ಬೇಕು ಎಂದು ತಿಳಿಸಿ." ಅವರು ಸುಮ್ಮನಿದ್ದರೂ ನಾಳೆ ಆ ಮೌನಕ್ಕೆ ಅವರೇ ಕಾರಣ ಹೇಳಬೇಕಾಗುತ್ತದೆ.

ಕರಿಕೋಟು (16 ಜೂನ್)

ಸರಿಯಾದ ಸಲಹೆ. ಮೇಡಂ, ಆ ಇ-ಮೇಲ್‌ನ ಪ್ರತಿಯನ್ನು ಕಂಪನಿಯ ಗ್ರೀವೆನ್ಸ್ ಅಧಿಕಾರಿಗೂ ಹಾಕಿ.

ರೇಖೆಬಳಪ (17 ಜೂನ್)

ನಿನ್ನೆ ಸಂಜೆ 5:40ಕ್ಕೆ ಕಳಿಸಿದೆ, ಇಬ್ಬರಿಗೂ. ಇನ್ನೂ ಉತ್ತರ ಇಲ್ಲ. ಗುರುವಾರ ಆ ಮನೆಗೆ ಹೋಗುತ್ತಿದ್ದೇನೆ. ಒಂದು ಬಾತ್‌ರೂಮಿಗೆ ಮಾತ್ರ ನೀರು ನಿಲ್ಲಿಸಿ, ಎಲ್ಲಿಂದ ಇಳಿಯುತ್ತದೆ ಎಂದು ನೋಡೋಣ ಎಂದು ಮನೆಯವರೂ ಒಪ್ಪಿದ್ದಾರೆ.